ಬಿ.ಎಸ್ಸಿ. ಸಸ್ಯಶಾಸ್ತ್ರ ಪ್ರಾಕ್ಟಿಕಲ್: ವೈವಾ ಪ್ರಶ್ನೆಗಳು ಮತ್ತು ಅಂಕ ಹಾಕುವ ಕ್ರಮ

ಬೆಂಗಳೂರು ಕೇಂದ್ರ, ಬೆಳಗಿನ ಬ್ಯಾಚ್. ಒಟ್ಟು 10 ಅಂಕ, ಒಬ್ಬರಿಗೆ 5 ನಿಮಿಷ. ಕನ್ನಡ, ಇಂಗ್ಲಿಷ್, ಎರಡೂ ಬೆರೆಸಿದ ಮಾತು, ಯಾವುದರಲ್ಲಿ ಹೇಳಿದರೂ ಸರಿ. ಮೊದಲು ವಿದ್ಯಾರ್ಥಿಯ ಮೇಜಿನ ಮೇಲಿರುವುದನ್ನೇ ಕೇಳಿ, ಆಗ ಗಾಬರಿ ಇಳಿಯುತ್ತದೆ.

1. ರಿಯೋ ಎಲೆಯ ಸಿಪ್ಪೆ, ಪ್ಲಾಸ್ಮೋಲಿಸಿಸ್ (5 ಅಂಕ)

"ಉಪ್ಪಿನ ದ್ರಾವಣ ಹಾಕಿದ ಮೇಲೆ ಸ್ಲೈಡ್‌ನಲ್ಲಿ ಏನು ಬದಲಾಯಿತು?"

ಬರಬೇಕಾದ ಉತ್ತರ: ನೀರು ಹೊರಗೆ ಹೋಗಿ, ಬಣ್ಣದ ಭಾಗ ಕೋಶಭಿತ್ತಿಯಿಂದ ಬಿಟ್ಟು ಒಳಗೆ ಕುಗ್ಗಿತು.

ಮುಂದಿನ ಪ್ರಶ್ನೆಗಳು:
- ಈರುಳ್ಳಿ ಬಿಟ್ಟು ರಿಯೋ ಯಾಕೆ? (ಕೋಶರಸದಲ್ಲಿ ಆಂಥೋಸಯಾನಿನ್ ಬಣ್ಣವಿದೆ, ಕುಗ್ಗಿದ್ದು ಬೇಗ ಕಾಣುತ್ತದೆ.)
- ಭಿತ್ತಿಗೂ ಪೊರೆಗೂ ನಡುವಿನ ಜಾಗದಲ್ಲಿ ಏನಿದೆ?

ಈ ಎರಡನೆಯದೇ ನಿಜವಾದ ಪರೀಕ್ಷೆ. ಹೆಚ್ಚಿನವರು "ಗಾಳಿ" ಅಂತಾರೆ. ಅಲ್ಲಿರುವುದು ಹೊರಗಿನ ಉಪ್ಪಿನ ದ್ರಾವಣ, ಯಾಕೆಂದರೆ ಭಿತ್ತಿ ಅದನ್ನು ತಡೆಯುವುದಿಲ್ಲ. "ಗಾಳಿ" ಅಂದರೆ ತಕ್ಷಣ ಸೊನ್ನೆ ಹಾಕಬೇಡಿ. "ಸ್ಲೈಡ್ ಮೇಲೆ ಹಾಕಿದ್ದೇನು?" ಎಂದು ಒಮ್ಮೆ ಕೇಳಿ.

- ಎಲೆಯನ್ನು ಕುದಿಸಿದ್ದರೆ? (ಪೊರೆ ಹಾಳಾಗುತ್ತದೆ, ಹೀಗೆ ಕುಗ್ಗುವುದಿಲ್ಲ.)

ಕಾರಣ ಸಮೇತ ತಾನೇ ಹೇಳಿದರೆ 5. ಒಂದು ಸುಳಿವು ಕೊಟ್ಟ ಮೇಲೆ ಹೇಳಿದರೆ 4. ನೀರು ಹೊರಹೋದದ್ದು ಗೊತ್ತು, ಆದರೆ ಪೊರೆ ಮತ್ತು ಭಿತ್ತಿಯ ವ್ಯತ್ಯಾಸ ಗೊತ್ತಿಲ್ಲ ಅಂದರೆ 2 ಅಥವಾ 3. ಬರೀ ಹೆಸರಿಗೆ 1.

2. ದಾಸವಾಳ (3 ಅಂಕ)

"ಕೇಸರಗಳು ಹೇಗಿವೆ?" ಎಳೆಗಳೆಲ್ಲ ಸೇರಿ ಒಂದು ಕೊಳವೆ, ಪರಾಗಕೋಶಕ್ಕೆ ಒಂದೇ ಕೋಣೆ.

ಮುಂದೆ: "ಶಲಾಕಾಗ್ರ ಐದಿದೆ. ಅಂಡಾಶಯ ಅಡ್ಡ ಕೊಯ್ದರೆ ಎಷ್ಟು ಕೋಣೆ?" ಐದು. ಕೊಯ್ದು ತೋರಿಸಿ ಹೇಳಿದವರಿಗೆ ಪೂರ್ತಿ 3, ಬಾಯಿಪಾಠಕ್ಕೆ 2.

ಅಟೆಂಡರ್ ಅಣ್ಣನಿಗೆ ಮೊದಲೇ ಹೇಳಿಡಿ: ಸುತ್ತು ಸುತ್ತು ಎಸಳಿನ ದಾಸವಾಳ ಬೇಡ. ಅದರಲ್ಲಿ ಕೇಸರಗಳೇ ಎಸಳಾಗಿರುತ್ತವೆ, ಪಾಪ ಹುಡುಗರು ಎಣಿಸಿ ಸೋಲುತ್ತಾರೆ.

3. ಹೊರಗಿನ ಮರ (2 ಅಂಕ)

"ಕಬ್ಬನ್ ಪಾರ್ಕಿನ ರೇನ್ ಟ್ರೀ ಸಂಜೆ ಎಲೆ ಮಡಚುತ್ತದೆ. ಹೇಗೆ?" ಎಲೆಬುಡದ ಉಬ್ಬಿನ ಕೋಶಗಳಲ್ಲಿ ನೀರಿನ ಒತ್ತಡ ಬದಲಾಗುತ್ತದೆ.

ಮುಂದೆ: "ಹಾಗಾದರೆ ಅದೂ ಪ್ಲಾಸ್ಮೋಲಿಸಿಸ್ ತಾನೆ?" ಅಲ್ಲ, ಒತ್ತಡ ಇಳಿದರೆ ಸಾಕು, ಪೊರೆ ಭಿತ್ತಿ ಬಿಡಬೇಕಿಲ್ಲ. ಎರಡನ್ನೂ ಬೇರೆ ಮಾಡಿ ಹೇಳಿದರೆ 2, ಮೊದಲನೆಯದಕ್ಕೆ ಮಾತ್ರ 1. ಮರ ನೋಡಿಲ್ಲ ಅಂದರೆ ಮುಟ್ಟಿದರೆ ಮುನಿ ಬಗ್ಗೆ ಕೇಳಿ.

ಇಬ್ಬರು ಎಕ್ಸಾಮಿನರ್‌ಗಳೂ ಬೇರೆ ಬೇರೆ ಅಂಕ ಬರೆದುಕೊಳ್ಳಿ. 2 ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ, ಮುಂದಿನ ವಿದ್ಯಾರ್ಥಿಯನ್ನು ಕರೆಯುವ ಮೊದಲೇ ಮಾತಾಡಿ ಒಂದಕ್ಕೆ ಬನ್ನಿ.