ಭಾಗ 3: ನಿಮ್ಮ ಕೆಲಸ ಯಾವುದು, ಎಲ್ಲಿ ನಿಲ್ಲಬೇಕು

ನೀವು ಬಂದದ್ದು ನಮಗೆ ತುಂಬಾ ಖುಷಿ. ನಮ್ಮ ವೃದ್ಧಾಶ್ರಮದ ಕೆಲವರಿಗೆ ಹೊರಗಿನಿಂದ ಬಂದು ಮಾತಾಡಿಸುವವರು ಸ್ವಯಂಸೇವಕರು ಬಿಟ್ಟರೆ ಬೇರೆ ಯಾರೂ ಇಲ್ಲ.

ನಿಮ್ಮ ಕೆಲಸ ಜೊತೆಗಿರುವುದು. ವಾರಕ್ಕೆ ಎರಡು ಗಂಟೆ. ಪೇಪರ್ ಓದಿ ಹೇಳಿ, ಕೇರಂ ಆಡಿ, ಹೇಳಿದ ಕಥೆಯನ್ನೇ ನಾಲ್ಕನೇ ಸಲ ಹೇಳಿದರೂ ಕೇಳಿ. ಮಾತು ಬೇಡ ಅನ್ನುವವರ ಪಕ್ಕ ಸುಮ್ನೆ ಕೂತರೂ ಅದು ಕೆಲಸವೇ. ಬಂದಾಗ ಮತ್ತು ಹೋಗುವಾಗ ರಿಜಿಸ್ಟರಿನಲ್ಲಿ ಸಹಿ ಮಾಡಿ. ಬರಲು ಆಗದಿದ್ದರೆ ಹಿಂದಿನ ದಿನವೇ ತಿಳಿಸಿ. ನೀವು ಬರುತ್ತೀರಿ ಅಂತ ಬೆಳಿಗ್ಗೆಯೇ ತಲೆ ಬಾಚಿಕೊಂಡು ಬಾಗಿಲು ನೋಡುತ್ತಾ ಕೂರುವವರಿದ್ದಾರೆ. ಜ್ವರ, ಕೆಮ್ಮು, ನೆಗಡಿ ಇದ್ದರೆ ಮಾತ್ರ ದಯವಿಟ್ಟು ಬರಲೇಬೇಡಿ.

ಮೈಗೆ ಸಂಬಂಧಿಸಿದ ಕೆಲಸ ಸಿಬ್ಬಂದಿಯದು. ಮಾತ್ರೆ ಕೊಡಬೇಡಿ, ಯಾರನ್ನೂ ಎತ್ತಬೇಡಿ. ಬಿದ್ದವರನ್ನು ನೋಡಿದರೆ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಅಲ್ವಾ? ಆದರೆ ಮೂಳೆ ಮುರಿದಿದ್ದರೆ ಎತ್ತುವುದರಿಂದ ಪೆಟ್ಟು ಜಾಸ್ತಿಯಾಗಬಹುದು. ಕರೆಗಂಟೆ ಒತ್ತಿ, ಪಕ್ಕದಲ್ಲೇ ಕೂತು ಮಾತಾಡಿಸುತ್ತಿರಿ. ನೀರು ಕೇಳಿದರೂ ಮೊದಲು ನರ್ಸ್ ಹತ್ತಿರ ವಿಚಾರಿಸಿ. ನುಂಗಲು ಕಷ್ಟವಿರುವವರಿಗೆ ಒಂದು ಗುಟುಕು ನೀರೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ದುಡ್ಡಿನ ವಿಷಯದಲ್ಲಿ ವಿನಾಯಿತಿ ಇಲ್ಲ. ಸಾಲ, ಉಡುಗೊರೆ, ಎಟಿಎಂ ಕಾರ್ಡ್ ಯಾವುದನ್ನೂ ತೆಗೆದುಕೊಳ್ಳಬೇಡಿ. ಉಯಿಲಿಗಾಗಲಿ ಬ್ಯಾಂಕ್ ಕಾಗದಕ್ಕಾಗಲಿ ಸಾಕ್ಷಿ ಹಾಕಬೇಡಿ. ಪ್ರೀತಿಯಿಂದ ಕೈಗೆ ನೋಟು ತುರುಕಿದರೆ ಬೇಡ ಅನ್ನುವುದು ಕಷ್ಟ, ನಮಗೆ ಗೊತ್ತು. "ನಮ್ಮಲ್ಲಿ ತಗೊಳ್ಳುವ ಹಾಗಿಲ್ಲ ಅಜ್ಜಿ, ನನ್ನನ್ನು ಕಳಿಸಿಬಿಡ್ತಾರೆ" ಅನ್ನಿ. ತಪ್ಪನ್ನು ನಿಯಮದ ಮೇಲೆ ಹಾಕಿ.

ಅವರು ಹೇಳಿದ ಮನೆ ವಿಷಯ ನಿಮ್ಮಲ್ಲೇ ಇರಲಿ. ಫೋಟೋ ತೆಗೆಯಬೇಡಿ. ಆದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಯಾರಾದರೂ ಹೊಡೆದರು, ಹೆದರಿಸಿದರು, ಅಥವಾ ಬದುಕೇ ಬೇಡ ಅನಿಸುತ್ತಿದೆ ಅಂತ ಹೇಳಿದರೆ ಆ ದಿನವೇ, ಮನೆಗೆ ಹೋಗುವ ಮುಂಚೆ, ಸಂಯೋಜಕರಿಗೆ ತಿಳಿಸಬೇಕು. ದೂರು ಸಿಬ್ಬಂದಿಯ ಮೇಲಿದ್ದರೂ ಅಷ್ಟೇ.

ನಿಮಗೂ ಗಡಿ ಇದೆ. ನಿಮ್ಮ ಸ್ವಂತ ನಂಬರ್ ಕೊಡಬೇಡಿ. ಯಾರಾದರೂ ಬೈದರೆ, ಇಷ್ಟವಿಲ್ಲದಂತೆ ಮುಟ್ಟಿದರೆ ಎದ್ದು ಹೊರಗೆ ಬನ್ನಿ. ವಯಸ್ಸಾದವರು ಅಂತ ಸಹಿಸಬೇಕಿಲ್ಲ.

ತಿಳಿಯದೆ ತಪ್ಪಾದರೆ ಬಂದು ಹೇಳಿ, ಕೂತು ಮಾತಾಡೋಣ. ದುಡ್ಡು ಮುಟ್ಟಿದರೆ, ಮಾತ್ರೆ ಕೊಟ್ಟರೆ, ಹಿಂಸೆಯ ವಿಷಯ ಮುಚ್ಚಿಟ್ಟರೆ ಭೇಟಿ ಅಂದೇ ನಿಲ್ಲುತ್ತದೆ. ಏನೇ ಅನುಮಾನ ಬಂದರೂ ರಿಜಿಸ್ಟರಿನ ಪಕ್ಕದ ಕೋಣೆಗೆ ಬನ್ನಿ. ಭೇಟಿಯ ಸಮಯದಲ್ಲಿ ಅಲ್ಲಿ ಒಬ್ಬರು ಇದ್ದೇ ಇರುತ್ತಾರೆ.