ಬ್ಯಾಟರಿ ಸ್ಪ್ರೇಯರ್ ತಗೊಳ್ಳಬಹುದಾ? ದುಡ್ಡು ಪಡೆದು ಮಾಡಿದ ವಿಡಿಯೋ, ಆದರೆ ಇರೋದನ್ನೇ ಹೇಳುತ್ತೇನೆ

[ದೃಶ್ಯ: ಮುಳಬಾಗಿಲು ಹತ್ತಿರದ ಟೊಮೆಟೊ ತೋಟ. ನಿರೂಪಕಿಯ ಪಕ್ಕದಲ್ಲಿ ಸ್ಪ್ರೇಯರ್. ಪರದೆಯ ಮೇಲ್ಭಾಗದಲ್ಲಿ ಕೊನೆಯವರೆಗೂ ಇರುವ ಬರಹ: "ಹಣ ಪಡೆದ ಜಾಹೀರಾತು"]

ನಮಸ್ಕಾರ. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಟ್ಯಾಂಕಿನ ಮೇಲೆ ಹೆಸರು ಕಾಣುತ್ತಿದೆ ಅಲ್ವಾ, ಆ ಕಂಪನಿಯವರು ನನಗೆ ಈ ಸ್ಪ್ರೇಯರ್ ಸುಮ್ನೆ ಕೊಟ್ಟಿದ್ದಾರೆ. ಜೊತೆಗೆ ಈ ವಿಡಿಯೋ ಮಾಡೋದಕ್ಕೆ 15,000 ರೂಪಾಯಿ ಕೊಟ್ಟಿದ್ದಾರೆ. ಕೆಳಗಿರುವ ಲಿಂಕಿನಿಂದ ನೀವು ಕೊಂಡರೆ ನನಗೆ ಕಮಿಷನ್ ಬರೋದಿಲ್ಲ. ವಿಡಿಯೋನ ಮುಂಚೆಯೇ ಅವರಿಗೆ ತೋರಿಸೋದಿಲ್ಲ ಎಂದು ಹೇಳಿಯೇ ಒಪ್ಪಿಕೊಂಡೆ.

ದುಡ್ಡು ತಗೊಂಡಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಕೊಟ್ಟಿದೆ. ಅದು ಇರದಿದ್ದರೂ ಹೇಳುತ್ತಿದ್ದೆ. ನನ್ನ ಮಾತು ನಂಬಿ ದುಡ್ಡು ಹಾಕುವವರು ನೀವು. ಮಧ್ಯದಿಂದ ನೋಡುವವರಿಗೂ ಗೊತ್ತಾಗಲಿ ಅಂತಲೇ ಮೇಲಿನ ಬರಹ ಕೊನೆಯವರೆಗೂ ಇರುತ್ತದೆ.

[ದೃಶ್ಯ: ಗನ್ನಿನ ತುದಿ ಹತ್ತಿರದಿಂದ. ಎಲೆಯನ್ನು ಮಗುಚಿ ತೋರಿಸುವುದು]

ಚೆನ್ನಾಗಿರೋದು ಇದು. ಈ ಎಲೆಯ ಅಡಿ ನೋಡಿ. ಬಿಳಿ ನೊಣ ಕೂರೋದು ಇಲ್ಲೇ. ಎಲೆ ಮುರುಟು ರೋಗ ಹರಡೋದೂ ಇದರಿಂದಲೇ. ಮೇಲಿನಿಂದ ಎಷ್ಟು ಹೊಡೆದರೂ ಔಷಧಿ ಇದಕ್ಕೆ ತಾಗೋದಿಲ್ಲ. ಗನ್ನನ್ನು ಬುಡದ ಕಡೆಯಿಂದ ಮೇಲಕ್ಕೆ ತಿರುಗಿಸಿ ಹೊಡೆಯಬೇಕು. ಕೈ ಪಂಪಿನಲ್ಲಿ ಒಂದು ಕೈ ಲಿವರ್ ಒತ್ತುತ್ತಲೇ ಇರಬೇಕು. ಇದರಲ್ಲಿ ಆ ಕೈ ಖಾಲಿ, ಕೊಂಬೆ ಸರಿಸಿಕೊಂಡು ಒಳಗೆ ಹೊಡೆಯಬಹುದು. ಮಂಜಿನ ಹಾಗೆ ಸಣ್ಣಗೆ ಬರುತ್ತದೆ, ಎಲೆಯಿಂದ ತೊಟ್ಟಿಕ್ಕೋದಿಲ್ಲ. ಈ ವಿಷಯದಲ್ಲಿ ನನಗೆ ನಿಜವಾಗಿಯೂ ಖುಷಿಯಾಗಿದೆ.

ಈಗ ಬ್ಯಾಟರಿ. ಬಾಕ್ಸಿನ ಮೇಲೆ ಒಂದು ಚಾರ್ಜಿಗೆ 20 ಟ್ಯಾಂಕ್ ಅಂತ ಹಾಕಿದ್ದಾರೆ. ನಮ್ಮ ತೋಟದಲ್ಲಿ 13, 14ನೇ ಟ್ಯಾಂಕಿಗೇ ಒತ್ತಡ ಇಳಿಯಿತು. ಇದರಲ್ಲಿರೋದು 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ. ರೆಗ್ಯುಲೇಟರ್ ಕಡಿಮೆ ಇಟ್ಟರೆ ಜಾಸ್ತಿ ಹೊತ್ತು ಬರುತ್ತದೆ ನಿಜ. ಆದರೆ ಗಿಡ ಎದೆ ಮಟ್ಟ ಬಂದು ಕೋಲು ಕಟ್ಟಿದ ಮೇಲೆ ಕಡಿಮೆ ಒತ್ತಡದಲ್ಲಿ ಒಳಗಿನ ಎಲೆಗೆ ತಲುಪೋದೇ ಇಲ್ಲ. "ದಿನವಿಡೀ ಓಡುತ್ತೆ ಅಂತ ಒಂದು ಮಾತು ಸೇರಿಸಿ" ಎಂದು ಕಂಪನಿಯವರು ಕೇಳಿದರು. ಓಡೋದಿಲ್ಲ, ಹಾಗಾಗಿ ಸೇರಿಸಿಲ್ಲ.

ಲೆಕ್ಕ ಹಾಕಿ. ಬೆಳೆದ ಟೊಮೆಟೊಗೆ ಎಕರೆಗೆ ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. 16 ಲೀಟರ್ ಟ್ಯಾಂಕಿನಲ್ಲಿ ಅದು 12, 13 ಸಲ ತುಂಬಿಸೋದು. ಅಂದರೆ ಒಂದು ಚಾರ್ಜಿಗೆ ಒಂದು ಎಕರೆ, ಅಷ್ಟೇ. ಎರಡು ಮೂರು ಎಕರೆ ಇರುವವರು ಇದನ್ನು ತಗೋಬೇಡಿ. ಉದ್ದ ಪೈಪಿನ ಪವರ್ ಸ್ಪ್ರೇಯರ್ ಬಾಡಿಗೆಗೆ ತಂದರೂ ಅದೇ ವಾಸಿ.

[ದೃಶ್ಯ: ಪಕ್ಕದ ತೋಟದ ರೈತರು ತುಂಬಿದ ಸ್ಪ್ರೇಯರ್ ಹೊತ್ತು ಬರುವುದು]

ನಿರೂಪಕಿ: ಅಣ್ಣಾ, ಭಾರ ಹೇಗಿದೆ?

ರೈತ: ಭಾರ ಐತಮ್ಮ. ಬೆಲ್ಟು ಭುಜಾನ ಕೊರೀತೈತೆ. ನಾನು ಟವೆಲ್ ಮಡಚಿ ಅಡಿಗೆ ಇಟ್ಕೊಂಡಿದೀನಿ ನೋಡು.

ನಿರೂಪಕಿ: ಅತ್ತಿಗೆ ಹೊತ್ತರೆ ಆಗುತ್ತಾ?

ರೈತ: ತುಂಬ ತುಂಬಿದ್ರೆ ಆಗಲ್ಲ. ಅರ್ಧ ಟ್ಯಾಂಕು ಅಂದ್ರೆ ಆಯ್ತದೆ.

ನೀರೇ 16 ಕೆಜಿ, ಅದರ ಮೇಲೆ ಮೆಷಿನ್ನಿನ ತೂಕ. ಬೆಲ್ಟಿಗೆ ಇನ್ನಷ್ಟು ದಪ್ಪ ಸ್ಪಾಂಜ್ ಹಾಕಬೇಕಿತ್ತು. ಇದನ್ನು ಕಂಪನಿಯವರಿಗೂ ಹೇಳಿದ್ದೇನೆ.

[ದೃಶ್ಯ: ಟ್ಯಾಂಕ್ ತೊಳೆಯುವುದು]

ಯಾವ ಕಂಪನಿಯ ಸ್ಪ್ರೇಯರ್ ತಗೊಂಡರೂ ಇದೊಂದು ಕೇಳಿ. ಕಳೆನಾಶಕಕ್ಕೆ ಬೇರೆ ಪಂಪು ಇಡಿ. 2,4-ಡಿ ಹೊಡೆದ ಟ್ಯಾಂಕಿನಲ್ಲಿ ಸ್ವಲ್ಪ ಉಳಿದಿದ್ದರೂ ಟೊಮೆಟೊ ಎಲೆ ಸುರುಳಿ ಸುತ್ತುತ್ತದೆ. ವೈರಸ್ ಬಂತು ಅಂದುಕೊಂಡು ಮತ್ತೆ ಔಷಧಿಗೆ ದುಡ್ಡು ಸುರಿಯುತ್ತೀರಿ. ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಮೂರು ಸಲ ತೊಳೆದು, ಗನ್ನಿನಿಂದಲೂ ಬರೀ ನೀರು ಬಿಡಿ. ಆ ನೀರು ಕೆರೆ, ಬಾವಿ, ಕೃಷಿ ಹೊಂಡಕ್ಕೆ ಹೋಗಬಾರದು. ಮಾಸ್ಕ್, ಗ್ಲೌಸ್ ಇಲ್ಲದೆ ಹೊಡೆಯಬೇಡಿ.

ಬ್ಯಾಟರಿ ಪೂರ್ತಿ ಇಳಿದ ಮೇಲೆ ಹಾಗೇ ಮೂಲೆಗೆ ಇಟ್ಟರೆ ಕೆಡುತ್ತದೆ, ಇದು ಲೆಡ್ ಆಸಿಡ್ ಬ್ಯಾಟರಿ. ಬೆಳೆ ಇಲ್ಲದಾಗಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮನೆಯ ಸಿಂಗಲ್ ಫೇಸ್ ಕರೆಂಟೇ ಸಾಕು. ರಾತ್ರಿ ಹಾಕಿ ಬೆಳಗ್ಗೆ ತೆಗೆಯಬಹುದು.

ನನ್ನ ಲೆಕ್ಕದಲ್ಲಿ ಒಂದು ಎಕರೆ ಒಳಗಿನವರು, ತರಕಾರಿ, ಹೂವು ಬೆಳೆಯೋರು ತಗೋಬಹುದು. ಕೈ ಪಂಪು ಚೆನ್ನಾಗಿದ್ದು, ಮೈಯಲ್ಲಿ ಶಕ್ತಿ ಇದ್ದರೆ ಆತುರ ಬೇಡ. ನಾನು ಇದನ್ನು ಒಂದು ಬೆಳೆ ಪೂರ್ತಿ ಬಳಸಿಲ್ಲ, ಆದ್ದರಿಂದ ಬಾಳಿಕೆ ಬರುತ್ತೆ ಅಂತ ಹೇಳೋದಿಲ್ಲ. ಈ ಬೆಳೆ ಮುಗಿದ ಮೇಲೆ ಇನ್ನೊಂದು ವಿಡಿಯೋ ಹಾಕುತ್ತೇನೆ, ಅದಕ್ಕೆ ಕಂಪನಿಯಿಂದ ದುಡ್ಡು ತಗೊಳ್ಳೋದಿಲ್ಲ.

ಅಂಗಡಿಯಲ್ಲಿ ಬೆಲೆ 3,200 ಹೇಳುತ್ತಿದ್ದಾರೆ. ಕೊಳ್ಳುವಾಗ ನೀರು ತುಂಬಿಸಿ, ಅಲ್ಲೇ ಆನ್ ಮಾಡಿ ನೋಡಿ. ಮುಚ್ಚಳದಲ್ಲಿ, ಗನ್ನಿನ ಹಿಡಿಯಲ್ಲಿ ಸೋರುತ್ತಾ ಅಂತ ಕೈಯಿಟ್ಟು ನೋಡಿ. ಬಿಲ್ ಕೇಳಿ ಪಡೆಯಿರಿ, ವಾರಂಟಿ ಕಾರ್ಡಿಗೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಡಿ.