ಕ್ಯೂಆರ್ ಬೋರ್ಡ್ ತೆಗೀಬೇಡಿ ಅಣ್ಣಾ

ಅಣ್ಣಾ, ಯುಪಿಐ ತಗೊಂಡರೆ ಜಿಎಸ್‌ಟಿ ಬೀಳುತ್ತೆ ಅನ್ನೋ ಭಯಕ್ಕೆ ನೀವು ನಿನ್ನೆ ಗಲ್ಲಾದ ಮುಂದೆ 'ಕ್ಯಾಶ್ ಮಾತ್ರ' ಅಂತ ರಟ್ಟು ನೇತುಹಾಕಿದ್ದು ನೋಡಿದೆ. ದಯವಿಟ್ಟು ಅದನ್ನು ತೆಗೆದುಬಿಡಿ. ಜಿಎಸ್‌ಟಿ ಬರೋದು ಯುಪಿಐ ಮೇಲಲ್ಲ, ವ್ಯಾಪಾರದ ಮೇಲೆ. ನಗದು ಕೊಟ್ಟರೂ ಅದು ವ್ಯಾಪಾರವೇ ಅಲ್ವಾ?

ನಿಮ್ಮ ಲೆಕ್ಕ ನೋಡಿದೆ. ಏಪ್ರಿಲ್‌ನಿಂದ ಇಲ್ಲಿವರೆಗೆ ಯುಪಿಐನಲ್ಲಿ 33 ಲಕ್ಷ ಬಂದಿದೆ. ಅದರಲ್ಲಿ 2 ಲಕ್ಷ ನಿಮ್ಮ ತಮ್ಮ ಮನೆ ಕೆಲಸಕ್ಕೆ ಕಳಿಸಿದ್ದು, ಅದು ವ್ಯಾಪಾರಕ್ಕೆ ಸೇರೋದಿಲ್ಲ. ಉಳಿದ 31ಕ್ಕೆ ನಿಮ್ಮ ನೋಟ್‌ಬುಕ್ಕಿನ ನಗದು 10 ಲಕ್ಷ ಸೇರಿಸಿದರೆ 41. ಜಿಎಸ್‌ಟಿ ನೋಂದಣಿ ಇಲ್ಲದೆ ಸಾಮಾನು ಮಾರುವವರಿಗೆ ಮಿತಿ ವರ್ಷಕ್ಕೆ 40 ಲಕ್ಷ, ಅದು ಹೋದ ವಾರ ದಾಟಿದೆ. ಹಾಲು, ಬಿಡಿ ಅಕ್ಕಿ, ಸೊಪ್ಪಿಗೆ ತೆರಿಗೆ ಇಲ್ಲ ನಿಜ, ಆದರೆ ಸೋಪು ಬಿಸ್ಕತ್ತಿನ ಜೊತೆ ಮಾರುವುದರಿಂದ ಮಿತಿ ಎಣಿಸುವಾಗ ಅವೂ ಸೇರುತ್ತವೆ. ಎಲ್ಲರೂ ಎಡವೋದು ಇಲ್ಲೇ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು.

ನೋಂದಣಿ ಮಾಡಿಸುವಾಗ ಕಾಂಪೊಸಿಷನ್ ಅನ್ನೋ ಸಣ್ಣ ವ್ಯಾಪಾರಿಗಳ ಸುಲಭ ಪದ್ಧತಿಯನ್ನೇ ಆರಿಸಿಕೊಳ್ಳಿ, ಅದು ಏನು ಅಂತ ಹೇಳ್ತೀನಿ. ಮಾಮೂಲಿ ಜಿಎಸ್‌ಟಿಯಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ದರ, ಪ್ರತಿ ಬಿಲ್ಲಿಗೂ ಲೆಕ್ಕ. ನಿಮ್ಮಂಥ ಅಂಗಡಿಗೆ ಅದು ತಲೆನೋವು. ಕಾಂಪೊಸಿಷನ್‌ನಲ್ಲಿ ಆ ತಾಪತ್ರಯ ಇಲ್ಲ, ತೆರಿಗೆ ಇರುವ ಸಾಮಾನಿನ ವ್ಯಾಪಾರಕ್ಕೆ ಒಟ್ಟಾರೆ ನೂರಕ್ಕೆ ಒಂದು ರೂಪಾಯಿ ಕಟ್ಟಿದರೆ ಆಯ್ತು. ನಿಮಗೆ ತಿಂಗಳಿಗೆ ಅಂಥದ್ದು ಸುಮಾರು 3 ಲಕ್ಷ, ಅಂದರೆ ತೆರಿಗೆ 3,000 ರೂಪಾಯಿ. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ, 9,000 ಕಟ್ಟುತ್ತೀರಿ. ವರ್ಷಕ್ಕೊಂದು ರಿಟರ್ನ್. ವ್ಯಾಪಾರ ಒಂದೂವರೆ ಕೋಟಿ ದಾಟುವವರೆಗೆ ಇದೇ ಸಾಕು.

ಆದರೆ ಆ ಒಂದು ರೂಪಾಯಿ ನಿಮ್ಮ ಜೇಬಿನದ್ದು. ಗಿರಾಕಿ ಹತ್ತಿರ 'ಜಿಎಸ್‌ಟಿ ಸೇರಿಸಿ ಕೊಡಿ' ಅಂತ ಒಂದು ಪೈಸೆನೂ ಕೇಳುವ ಹಾಗಿಲ್ಲ. ಹೋಲ್‌ಸೇಲ್‌ನವರಿಗೆ ನೀವು ಕೊಡುವ ಜಿಎಸ್‌ಟಿಯೂ ವಾಪಸ್ ಬರೋದಿಲ್ಲ, ಅದು ಈಗಲೂ ಬರ್ತಿಲ್ಲ ಬಿಡಿ. ಬೇರೆ ರಾಜ್ಯಕ್ಕೆ ಸಾಮಾನು ಮಾರುವ ಹಾಗಿಲ್ಲ. ಅಲ್ಲಿಂದ ತರಿಸಬಹುದು. ಇನ್ನೊಂದು, ಅಂಗಡಿ ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಕಾಂಪೊಸಿಷನ್‌ನವರು ಅಂತ ಬರೆಸಬೇಕು. ಆ ಪಕ್ಕದ ಹೋಟೆಲ್‌ನವರು ಹೇಳಿದ 5 ಪರ್ಸೆಂಟ್ ಕೇಳಿ ಗಾಬರಿಯಾಗಬೇಡಿ, ಅದು ಹೋಟೆಲ್‌ಗೆ.

ದಿನದ ನೋಟ್‌ಬುಕ್ಕಿನಲ್ಲಿ ಇನ್ನು ಎರಡು ಕಾಲಂ ಹಾಕಿ: ಹಾಲು-ಸೊಪ್ಪು-ಬಿಡಿ ಅಕ್ಕಿ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಇಲ್ಲದಿದ್ದರೆ ಸುಮ್ನೆ ಹಾಲಿಗೂ ತೆರಿಗೆ ಕಟ್ಟಬೇಕಾಗುತ್ತೆ.

ನೋಂದಣಿಗೆ ಸರ್ಕಾರಕ್ಕೆ ಫೀಸ್ ಇಲ್ಲ. ಯಾರಾದರೂ ಫೀಸ್ ಅಂತ ಹೇಳಿ ದುಡ್ಡು ಕೇಳಿದರೆ ನನಗೆ ಫೋನ್ ಮಾಡಿ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಬರ್ತೀನಿ. ಪ್ಯಾನ್, ಆಧಾರ್, ಅಂಗಡಿಯ ಬಾಡಿಗೆ ಕರಾರು, ಕರೆಂಟ್ ಬಿಲ್, ಒಂದು ಫೋಟೋ ಎತ್ತಿಟ್ಟಿರಿ. ಒಟಿಪಿ ಬರುತ್ತೆ, ಆ ಹೊತ್ತಿಗೆ ಮೊಬೈಲ್ ಅತ್ತಿಗೆ ಕೈಲಿ ಇರಬಾರದು, ನಿಮ್ಮ ಹತ್ತಿರವೇ ಇರಲಿ.